ಡಬ್ಬಿ ಖಾಲಿಯಾಗುವ ಮುನ್ನ: ಪಾರ್ಸೆಲ್ಲಿನೊಳಗಿನ ಧನ್ಯವಾದದ ಚೀಟಿ

ಮನೆಯಲ್ಲಿ ತಯಾರಿಸಿದ ತಿಂಡಿ, ಪುಡಿ, ಉಪ್ಪಿನಕಾಯಿಗಳನ್ನು ಆನ್‌ಲೈನ್‌ನಲ್ಲಿ ಮಾರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಪಾರ್ಸೆಲ್ ಬಿಚ್ಚಿದವರ ಕೈ ಮೊದಲು ಹೋಗುವುದು ತಾವು ತರಿಸಿದ ವಸ್ತುವಿನ ಕಡೆಗೆ. ಅದರ ಜೊತೆ ಬಂದ ಚೀಟಿಯನ್ನು ನಿಂತಲ್ಲೇ ಒಮ್ಮೆ ಓದುತ್ತಾರೆ, ಚೆನ್ನಾಗಿ ಬರೆದಿದ್ದಾರೆ ಅಂದುಕೊಳ್ಳುತ್ತಾರೆ, ಆಮೇಲೆ ರಟ್ಟಿನ ಪೆಟ್ಟಿಗೆಯ ಜೊತೆಗೇ ಅದನ್ನೂ ರದ್ದಿಗೆ ಹಾಕುತ್ತಾರೆ. ಆದರೆ ಮತ್ತೆ ಆರ್ಡರ್ ಮಾಡಬೇಕು ಅನ್ನಿಸುವುದು ಆ ಹೊತ್ತಿನಲ್ಲಲ್ಲ. ಹದಿನೈದು ಇಪ್ಪತ್ತು ದಿನ ಕಳೆದು, ಊಟಕ್ಕೆ ಕೂತಾಗ, ಚಮಚ ಡಬ್ಬಿಯ ತಳಕ್ಕೆ ತಾಗಿದಾಗ. ನಮ್ಮಲ್ಲಿ ಹೆಚ್ಚಿನವರ ಚೀಟಿ ಪಾರ್ಸೆಲ್ ಬಂದ ದಿನಕ್ಕಾಗಿ ಬರೆದದ್ದು. ಡಬ್ಬಿ ತಳ ಕಾಣುವ ದಿನಕ್ಕಾಗಿ ಬರೆದದ್ದಲ್ಲ. ಚೀಟಿ ಫಲ ಕೊಡಲಿಲ್ಲ ಅನ್ನುವವರಿಗೆ ನಾನು ಮೊದಲು ತೋರಿಸುವುದು ಈ ಅಂತರವನ್ನೇ.

ಇವತ್ತು ಒಂದೇ ಉದಾಹರಣೆ ಹಿಡಿದು ಮಾತಾಡುತ್ತೇನೆ. ಧಾರವಾಡದ ಒಂದು ಮನೆಯಿಂದ ಶೇಂಗಾ ಚಟ್ನಿಪುಡಿ ಕಳಿಸುತ್ತೇವೆ ಅಂದುಕೊಳ್ಳಿ. 200 ಗ್ರಾಂ ಪೌಚು, ವಾಟ್ಸಾಪ್‌ನಲ್ಲಿ ಆರ್ಡರ್, ಕೊರಿಯರ್‌ನಲ್ಲಿ ರವಾನೆ. ಗಿರಾಕಿಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಜನ. ಸೀರೆ, ಸೋಪು, ಮಣ್ಣಿನ ಒಡವೆ ಮಾರುವವರೂ ಇಲ್ಲಿ ಕೂತಿದ್ದೀರಿ. ಆದರೂ ಚಟ್ನಿಪುಡಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ: ಅದು ಖಾಲಿಯಾಗುವ ವಸ್ತು. ಖಾಲಿಯಾಗುವುದು ಯಾವಾಗ ಅಂತ ಲೆಕ್ಕ ಹಾಕಬಹುದು. ಆ ಲೆಕ್ಕವೇ ಚೀಟಿಯ ಬೆನ್ನೆಲುಬು.

ಲೆಕ್ಕ ಹೀಗೆ. ಒಬ್ಬರು ಒಂದು ಹೊತ್ತಿಗೆ ಸುಮಾರು ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ, ಬಡಿಸಿಕೊಳ್ಳುತ್ತಾರೆ ಅಂತ ಹಿಡಿಯೋಣ. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿಗೆ 20 ಗ್ರಾಂ ಆಯಿತು. ಎಲ್ಲರೂ ದಿನಾ ತಿನ್ನುವುದಿಲ್ಲ, ರೊಟ್ಟಿ ಮಾಡದ ದಿನಗಳೂ ಇರುತ್ತವೆ. ಹಾಗಾಗಿ ಅರ್ಧಕ್ಕೆ ಇಳಿಸಿ ದಿನಕ್ಕೆ 10 ಗ್ರಾಂ ಅನ್ನೋಣ. 200 ಗ್ರಾಂ ಪೌಚು 20 ದಿನಕ್ಕೆ ಮುಗಿಯುತ್ತದೆ. ಈ ಅಂದಾಜು ಸರಿಯೋ ತಪ್ಪೋ ಅಂತ ನೋಡಲು ಸುಲಭದ ದಾರಿ, ಎರಡನೇ ಸಲ ತರಿಸಿದವರ ಎರಡು ಆರ್ಡರುಗಳ ನಡುವಿನ ದಿನಗಳನ್ನು ನಿಮ್ಮ ಪುಸ್ತಕದಲ್ಲಿ ಎಣಿಸುವುದು. ಹತ್ತಿಪ್ಪತ್ತು ಗಿರಾಕಿಗಳದ್ದು ಸಿಕ್ಕರೂ ಸಾಕು. ಆ ದಿನಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ನಡುವಿನದನ್ನು ಹಿಡಿಯಿರಿ, ಸರಾಸರಿ ಬೇಡ. ಒಬ್ಬರು ಆರು ತಿಂಗಳು ಬಿಟ್ಟು ತರಿಸಿದರೆ ಸರಾಸರಿ ಪೂರ್ತಿ ಕೆಡುತ್ತದೆ.

ಈಗ ಹಿಂದಕ್ಕೆ ಬನ್ನಿ. ಆರ್ಡರ್ ಬಂದ ಮೇಲೆ ಶೇಂಗಾ ಹುರಿದು, ಆರಿಸಿ, ಕುಟ್ಟಿ, ತುಂಬಿ, ಕೊರಿಯರ್‌ಗೆ ಕೊಡಲು ಎರಡು ದಿನ. ಪುಣೆಗೆ ಮುಟ್ಟಲು ನಾಲ್ಕು ದಿನ. ಒಟ್ಟು ಆರು. ದಿನಕ್ಕೆ 10 ಗ್ರಾಂನಂತೆ ಆರು ದಿನಕ್ಕೆ 60 ಗ್ರಾಂ ಬೇಕು. ಅಂದರೆ ಡಬ್ಬಿಯಲ್ಲಿ ಮೂರನೇ ಒಂದು ಪಾಲು ಉಳಿದಿರುವಾಗಲೇ ಗಿರಾಕಿ ಮೆಸೇಜ್ ಹಾಕಬೇಕು. ಖಾಲಿಯಾದ ಮೇಲೆ ಹಾಕಿದರೆ ಆರು ದಿನ ಚಟ್ನಿಪುಡಿ ಇಲ್ಲದೆ ಕೂರಬೇಕು. ಆರು ದಿನ ಯಾರು ಕಾಯುತ್ತಾರೆ? ಎರಡನೇ ದಿನವೇ ಪಕ್ಕದ ಅಂಗಡಿಯಿಂದ ಯಾವುದೋ ಕಂಪನಿಯ ಪುಡಿ ಮನೆಗೆ ಬರುತ್ತದೆ. ಆ ಪೊಟ್ಟಣ ಮುಗಿಯುವವರೆಗೂ ನಿಮ್ಮ ನೆನಪು ಬರುವುದಿಲ್ಲ. ಗಿರಾಕಿಗೆ ನಿಮ್ಮ ಪುಡಿ ಹಿಡಿಸಿಲ್ಲ ಅಂತಲ್ಲ, ಹೊತ್ತು ಮೀರಿತು ಅಷ್ಟೆ.

ಆದ್ದರಿಂದ ‘ಬೇಗ ಮತ್ತೆ ಆರ್ಡರ್ ಮಾಡಿ’ ಅಂತ ಚೀಟಿಯಲ್ಲಿ ಬರೆದರೆ ಉಪಯೋಗವಿಲ್ಲ. ಬೇಗ ಅಂದರೆ ಯಾವಾಗ? ‘ಡಬ್ಬಿ ಮೂರನೇ ಒಂದು ಪಾಲಿಗೆ ಬಂದಾಗ’ ಅಂತ ಬರೆಯಿರಿ. ಕೆಲವರು ತಾರೀಕು ಬರೆಯುತ್ತಾರೆ, ‘ಮಾರ್ಚ್ 21ರ ಒಳಗೆ ತಿಳಿಸಿ’ ಅಂತ. ಅದಕ್ಕಿಂತ ಡಬ್ಬಿಯ ಮಟ್ಟ ಒಳ್ಳೆಯದು, ಏಕೆಂದರೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಖರ್ಚಾಗುತ್ತದೆ. ನೆಂಟರು ಬಂದರೆ ತಾರೀಕು ಸುಳ್ಳಾಗುತ್ತದೆ, ಮಟ್ಟ ಸುಳ್ಳಾಗುವುದಿಲ್ಲ. ದಿನಕ್ಕೆ 20 ಗ್ರಾಂ ತಿನ್ನುವ ಮನೆಗೆ ಮಾತ್ರ ಮೂರನೇ ಒಂದು ಪಾಲು ಅನ್ನುವುದೂ ತಡವೇ. ಆರು ದಿನಕ್ಕೆ 120 ಗ್ರಾಂ ಬೇಕಲ್ಲ. ಅಂಥ ಮನೆಗಳಿಗೆ ಒಂದು ಪೌಚು ಕಳಿಸುವುದೇ ಸರಿಯಲ್ಲ, ಎರಡು ಕಳಿಸಬೇಕು. ರಿಯಾಯಿತಿಯ ಮಾತು ಬಂದಾಗ ಅದಕ್ಕೆ ಮರಳುತ್ತೇನೆ.

ಧಾರವಾಡದ ಮನೆಯ ಚೀಟಿ ಧಾರವಾಡದ ಮಾತಿನಲ್ಲೇ ಇರಲಿ. ಪುಣೆಯಲ್ಲಿ ಕೂತು ಅದನ್ನು ಓದುವವರಿಗೆ ಪುಡಿಯ ವಾಸನೆಯಷ್ಟೇ ಆ ಮಾತೂ ಬೇಕಾಗಿರುತ್ತದೆ. ಮುಂಬದಿಗೆ ಇಷ್ಟು ಸಾಕು:

ನಮಸ್ಕಾರ ________ ಅವರಿಗೆ,
ನಮ್ಮ ಶೇಂಗಾ ಚಟ್ನಿಪುಡಿ ತರಿಸಿಕೊಂಡ್ರಿ, ಭಾಳ ಖುಷಿ ಆತು.
ಇದನ್ನ ________ ತಾರೀಕಿಗೆ ಕುಟ್ಟೇವಿ. ಒಣಾ ಚಮಚಾನ ಹಾಕ್ರಿ, ಮುಚ್ಚಳ ಬಿಗಿ ಇರ್ಲಿ.
ರೊಟ್ಟಿ ಜೋಡಿ ತಿನ್ನೂವಾಗ ಗಟ್ಟಿ ಮೊಸರಿನ್ಯಾಗ ಕಲಿಸಿ ನೋಡ್ರಿ.
ಡಬ್ಬಿ ಮೂರನೇ ಒಂದು ಪಾಲಿಗೆ ಬಂದಾಗ ಒಂದು ಮೆಸೇಜ್ ಹಾಕ್ರಿ. ಹೊಸದು ಕುಟ್ಟಿ ಕಳಸ್ತೀವಿ. ಇದು ಮುಗಿಯೂದ್ರಾಗ ಅದು ಬಂದಿರ್ತದ.

ಇದರಲ್ಲಿ ಧನ್ಯವಾದ ಒಂದೇ ಸಾಲು. ಕೃತಜ್ಞತೆಯನ್ನು ಮೂರು ಸಾಲು ಹಿಗ್ಗಿಸಿದರೆ ಅದು ಹೆಚ್ಚಾಗುವುದಿಲ್ಲ, ಓದುವವರು ಕೆಳಗಿನ ಸಾಲುಗಳಿಗೆ ಇಳಿಯುವುದಿಲ್ಲ ಅಷ್ಟೆ. ಒಣ ಚಮಚದ ಮಾತು ಸುಮ್ಮನೆ ಬಂದದ್ದಲ್ಲ. ಶೇಂಗಾದಲ್ಲಿ ಎಣ್ಣೆ ಹೆಚ್ಚು. ಗಾಳಿ, ಬೆಳಕು, ಬಿಸಿ ತಾಗಿದರೆ ಆ ಎಣ್ಣೆ ಕಮಟುತ್ತದೆ. ತೇವ ಸೇರಿದರೆ ಪುಡಿ ಗಂಟು ಕಟ್ಟಿ, ಬೂಸು ಹಿಡಿಯುತ್ತದೆ. ಬೆಳ್ಳುಳ್ಳಿ ಹಾಕಿದ್ದರೆ ಇನ್ನೂ ಬೇಗ. ಹೀಗೆ ಕೆಟ್ಟ ಪುಡಿಯ ತಪ್ಪನ್ನು ಗಿರಾಕಿ ತನ್ನ ಒದ್ದೆ ಚಮಚದ ಮೇಲೆ ಹಾಕುವುದಿಲ್ಲ, ನಿಮ್ಮ ಮೇಲೆ ಹಾಕುತ್ತಾರೆ. ಹಾಗಾಗಿ ಆ ಒಂದು ಸಾಲು ಮುಂದಿನ ಆರ್ಡರನ್ನು ಉಳಿಸುವ ಸಾಲು. ಮೊಸರಿನ ಸಾಲೂ ಅಂಥದ್ದೇ. ಪುಡಿ ಹೆಚ್ಚು ಖರ್ಚಾಗುವ ಒಂದು ದಾರಿಯನ್ನು ಅದು ತೋರಿಸುತ್ತದೆ, ಆದರೆ ಮಾರಾಟದ ಮಾತಿನಂತೆ ಕೇಳಿಸುವುದಿಲ್ಲ.

ಹೆಸರು ಮತ್ತು ಕುಟ್ಟಿದ ತಾರೀಕು, ಇವೆರಡನ್ನು ಮಾತ್ರ ಕೈಯಲ್ಲಿ ಬರೆಯಿರಿ. ಚೀಟಿ ಪೂರ್ತಿ ಕೈಬರಹದಲ್ಲೇ ಇರಬೇಕೇ ಅಂತ ಸಭೆಯಲ್ಲಿ ಒಬ್ಬರು ಕೇಳಿದ್ದಾರೆ. ಬೇಡ. ದಿನಕ್ಕೆ ಐದು ಪಾರ್ಸೆಲ್ ಇರುವಾಗ ನಡೆಯುತ್ತದೆ, ದೀಪಾವಳಿಯ ಹೊತ್ತಿಗೆ ಐವತ್ತಾದಾಗ ಅಕ್ಷರ ಗೀಚಾಗುತ್ತದೆ, ಕೊನೆಗೆ ಚೀಟಿ ಹಾಕುವುದೇ ನಿಲ್ಲುತ್ತದೆ. ಹೆಸರನ್ನು ಆರ್ಡರ್ ಮೆಸೇಜಿನಲ್ಲಿ ಅವರು ಹೇಗೆ ಬರೆದಿದ್ದಾರೋ ಹಾಗೇ ನೋಡಿ ಬರೆಯಿರಿ. ಶಶಿಕಲಾ ಅವರನ್ನು ಶಶಿಕಾಂತ ಮಾಡಿದ ಚೀಟಿಗಿಂತ ಹೆಸರೇ ಇಲ್ಲದ ಚೀಟಿ ಮೇಲು. ಕುಟ್ಟಿದ ತಾರೀಕು ಚೀಟಿಯಲ್ಲಿದ್ದರೂ ಪೌಚಿನ ಲೇಬಲ್ ಮೇಲೆ ಕಾನೂನು ಕೇಳುವ ತಯಾರಿಕೆಯ ದಿನ, ಬಳಕೆಯ ಅವಧಿ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ ಎಲ್ಲವೂ ಇರಲೇಬೇಕು. ಚೀಟಿ ಲೇಬಲ್‌ನ ಜಾಗ ತುಂಬುವುದಿಲ್ಲ. ಎರಡರಲ್ಲೂ ತಾರೀಕು ಒಂದೇ ಇದೆಯೇ ಅಂತ ಪೆಟ್ಟಿಗೆ ಮುಚ್ಚುವ ಮೊದಲು ನೋಡಿಕೊಳ್ಳಿ.

ಹಿಂಬದಿಯಲ್ಲಿ ಮುಖ್ಯವಾಗಿ ಮೂರು ಸಂಗತಿ: ಕ್ಯೂಆರ್ ಕೋಡ್, ಅದರ ಕೆಳಗೆ ದಪ್ಪ ಅಂಕಿಗಳಲ್ಲಿ ಫೋನ್ ನಂಬರ್, ಮತ್ತು ‘ಪೌಚು ಒಡೆದು ಬಂದಿದ್ದರೆ, ರುಚಿ ಸರಿ ಇಲ್ಲ ಅನ್ನಿಸಿದರೆ ಇದೇ ನಂಬರಿಗೆ ಫೋಟೊ ಕಳಿಸಿ, ಬೇರೆ ಕಳಿಸುತ್ತೇವೆ’ ಅನ್ನುವ ಸಾಲು. ಈ ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ದೂರನ್ನು ನಾವೇ ಕರೆದಂತಾಗುತ್ತದೆ ಅನ್ನುವ ಹೆದರಿಕೆಯಿಂದ. ಆದರೆ ಒಡೆದ ಪೌಚು ಕೈಗೆ ಬಂದವರು ದೂರು ಹೇಳದೆ ಸುಮ್ಮನಾದರೆ ಅಲ್ಲಿಗೆ ಆ ಗಿರಾಕಿ ಮುಗಿದಂತೆ. ನಿಮಗೆ ಕಾರಣವೂ ಗೊತ್ತಾಗುವುದಿಲ್ಲ.

ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟವರ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹೊರ ರಾಜ್ಯಕ್ಕೆ ಕಳಿಸುವ ಚೀಟಿಯ ಹಿಂಬದಿಯಲ್ಲಿ ಡಬ್ಬಿಯ ಮಟ್ಟದ ಸಾಲನ್ನು, ದೂರಿನ ಸಾಲನ್ನು ಇಂಗ್ಲಿಷಿನಲ್ಲೂ ಹಾಕಿ.

ಕ್ಯೂಆರ್ ಕೋಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಚೀಟಿ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸ್ಕ್ಯಾನ್ ಮಾಡಿದ ಕೂಡಲೇ ನಿಮ್ಮ ವಾಟ್ಸಾಪ್ ತೆರೆದು, ಕಳಿಸಬೇಕಾದ ಮೆಸೇಜ್ ತಾನೇ ಟೈಪ್ ಆಗಿರುವ ಲಿಂಕ್ ಇದು:

```
https://wa.me/91XXXXXXXXXX?text=R1
```

ನಂಬರಿನ ಮುಂದೆ 91 ಮಾತ್ರ ಇರಬೇಕು. ಕೂಡಿಸುವ ಚಿಹ್ನೆ, ಸೊನ್ನೆ, ನಡುವೆ ಖಾಲಿ ಜಾಗ ಯಾವುದೂ ಬೇಡ. ಇಲ್ಲಿ R1 ಅನ್ನುವುದು ಮೊದಲ ಕಂತಿನ ಚೀಟಿಯ ಗುರುತು. ಮುಂದಿನ ಸಲ ಮುದ್ರಿಸುವಾಗ R2. ಯಾವ ಚೀಟಿ ನೋಡಿ ಆರ್ಡರ್ ಬಂತು ಅಂತ ಅದರಿಂದಲೇ ತಿಳಿಯುತ್ತದೆ. ಅಲ್ಲಿ ‘ಚಟ್ನಿಪುಡಿ ಬೇಕು’ ಅಂತ ಕನ್ನಡದಲ್ಲೇ ಹಾಕಿದರೆ ಚೆಂದ ಅಲ್ಲವೇ ಅನ್ನಿಸಬಹುದು. ಚೆಂದವೇ, ಆದರೆ ಲಿಂಕಿನೊಳಗೆ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ ಒಂಬತ್ತು ಅಕ್ಷರಗಳಷ್ಟು ಉದ್ದವಾಗುತ್ತದೆ. R1 ಇರುವ ಲಿಂಕ್ 34 ಅಕ್ಷರ. ‘ಚಟ್ನಿಪುಡಿ ಬೇಕು’ ಇರುವ ಲಿಂಕ್ 150 ದಾಟುತ್ತದೆ. ಲಿಂಕ್ ಉದ್ದವಾದಷ್ಟೂ ಕೋಡಿನೊಳಗಿನ ಚೌಕಗಳು ಹೆಚ್ಚುತ್ತವೆ. ಕೋಡ್ ಸ್ವಲ್ಪ ಕೆಟ್ಟರೂ ಓದಲು ಬರುವಂತೆ ಮಾಡುವ ದೋಷ ತಿದ್ದುಪಡಿಯನ್ನು ಸಾಮಾನ್ಯವಾಗಿ ಬಳಸುವ ಮಧ್ಯಮ ಮಟ್ಟದಲ್ಲಿ ಇಟ್ಟರೆ ಮೊದಲನೆಯದಕ್ಕೆ ಅಡ್ಡ ಸಾಲಿಗೆ 29 ಚೌಕ ಸಾಕು, ಎರಡನೆಯದಕ್ಕೆ 49 ಬೇಕು. ಅದೇ ಎರಡೂವರೆ ಸೆಂಟಿಮೀಟರ್ ಜಾಗದಲ್ಲಿ ಚೌಕಗಳು ಸಣ್ಣದಾದಷ್ಟೂ, ಚೀಟಿಗೆ ಒಂದು ಎಣ್ಣೆಯ ಕಲೆ ಬಿದ್ದರೂ ಹಳೇ ಫೋನಿನ ಕ್ಯಾಮೆರಾ ತಡವರಿಸುತ್ತದೆ.

ಕೋಡ್ ಕನಿಷ್ಠ ಎರಡೂವರೆ ಸೆಂಟಿಮೀಟರ್ ಅಗಲ ಇರಲಿ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಿ. ಅಂಚಿನ ಹೂಬಳ್ಳಿ ಅದರೊಳಗೆ ನುಗ್ಗಬಾರದು. ಬಿಳಿಯ ಮೇಲೆ ಕಪ್ಪೇ ಸರಿ. ಅರಿಸಿನದ ಹಳದಿಯಲ್ಲಿ ಕೋಡ್ ಮುದ್ರಿಸಿದರೆ ಕ್ಯಾಮೆರಾಕ್ಕೆ ಬಿಳಿಯೂ ಹಳದಿಯೂ ಒಂದೇ ಥರ ಕಾಣುತ್ತದೆ. ಇನ್ನೊಂದು ದೊಡ್ಡ ಅಪಾಯ: ಕೆಲವು ವೆಬ್‌ಸೈಟುಗಳು ಉಚಿತವಾಗಿ ಮಾಡಿಕೊಡುವ ಕೋಡ್ ಮೊದಲು ಅವರ ಸೈಟಿಗೆ ಹೋಗಿ, ಅಲ್ಲಿಂದ ನಿಮ್ಮ ಲಿಂಕಿಗೆ ತಿರುಗುತ್ತದೆ. ‘ಡೈನಮಿಕ್’ ಅಂತ ಕರೆಯುವುದು ಇದನ್ನೇ. ಉಚಿತ ಅವಧಿ ಮುಗಿದ ದಿನ ಕೋಡ್ ಸತ್ತುಹೋಗುತ್ತದೆ, ನಿಮ್ಮ ಸಾವಿರ ಚೀಟಿಗಳೂ ಜೊತೆಗೇ. ‘ಸ್ಟ್ಯಾಟಿಕ್’ ಕೋಡನ್ನೇ ಮಾಡಿಸಿ. ಪರೀಕ್ಷೆ ಸುಲಭ: ಕೋಡನ್ನು ಸ್ಕ್ಯಾನ್ ಮಾಡಿದಾಗ ತೆರೆಯುವ ಮೊದಲು ಫೋನು ತೋರಿಸುವ ವಿಳಾಸ wa.me ಅಂತಲೇ ಶುರುವಾಗಬೇಕು.

ಸ್ಕ್ಯಾನ್ ಮಾಡಿದವರಿಗೆ ಇನ್ನೊಂದು ಕೋರಿಕೆ ಇರಲಿ: ‘ಈ ನಂಬರ್ ಸೇವ್ ಮಾಡಿಕೊಳ್ಳಿ’. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ನೀವು ಕಳಿಸುವ ಮೆಸೇಜ್, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಮುನ್ನೂರು ಗಿರಾಕಿಗಳಿದ್ದಾರೆ, ಹಬ್ಬದ ಮೆಸೇಜ್ ಹಾಕಿದರೆ ಉತ್ತರವೇ ಇಲ್ಲ ಅನ್ನುವವರಲ್ಲಿ ಬಹುಪಾಲು ಮಂದಿಯ ಮೆಸೇಜ್ ಮುಟ್ಟಿಯೇ ಇರುವುದಿಲ್ಲ.

ಇಲ್ಲಿ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಪಾರ್ಸೆಲ್ ಮುಟ್ಟಿಸಲೆಂದು ಕೊಟ್ಟ ಫೋನ್ ನಂಬರನ್ನು ಜಾಹೀರಾತಿಗೆ ಬಳಸುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ತತ್ವವೂ ಅದೇ, ಯಾವ ಕೆಲಸಕ್ಕೆ ಕೊಟ್ಟರೋ ಆ ಕೆಲಸಕ್ಕೆ ಮಾತ್ರ. ಚೀಟಿಯಲ್ಲೇ ‘ಡಬ್ಬಿ ಮುಗಿಯುವ ಹೊತ್ತಿಗೆ ನಾವೇ ನೆನಪು ಮಾಡಬೇಕಾದರೆ ಹೌದು ಅಂತ ಕಳಿಸಿ, ಸಾಕು ಅಂದರೆ ನಿಲ್ಲಿಸುತ್ತೇವೆ’ ಅಂತ ಬರೆದರೆ ಕೇಳಿದಂತೆಯೂ ಆಯಿತು, ಅವರ ಮೆಸೇಜೇ ದಾಖಲೆಯೂ ಆಯಿತು. ಕೇಳದೆ ಕಳಿಸುತ್ತಾ ಹೋದರೆ ಜನ ಬ್ಲಾಕ್ ಮಾಡುತ್ತಾರೆ, ರಿಪೋರ್ಟ್ ಮಾಡುತ್ತಾರೆ. ಅದು ಹೆಚ್ಚಾದರೆ ವಾಟ್ಸಾಪ್ ಖಾತೆಯನ್ನೇ ಮುಚ್ಚುತ್ತದೆ. ಆರ್ಡರ್ ಬರುವ ಒಂದೇ ದಾರಿ ಅದಾಗಿದ್ದರೆ ಅಂಗಡಿಯೇ ಮುಚ್ಚಿದಂತೆ.

ಈಗ ನನ್ನ ಮಟ್ಟಿಗೆ ಇವತ್ತಿನ ಮುಖ್ಯ ಮಾತು. ಚೀಟಿ ಎಷ್ಟೇ ಚೆನ್ನಾಗಿರಲಿ, ಇಪ್ಪತ್ತು ದಿನ ಅಡುಗೆಮನೆಯಲ್ಲಿ ಉಳಿಯುವುದು ಕಷ್ಟ. ಪೌಚೂ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಪುಡಿಯನ್ನು ಸ್ಟೀಲ್ ಡಬ್ಬಿಗೋ ಗಾಜಿನ ಬಾಟಲಿಗೋ ಸುರಿದು ಪೌಚನ್ನು ಎಸೆಯುತ್ತಾರೆ. ನಿಮ್ಮ ಹೆಸರು, ನಂಬರ್ ಎಲ್ಲ ಅದರ ಜೊತೆ ಹೋಯಿತು. ಉಳಿಯುವುದು ಡಬ್ಬಿ ಒಂದೇ. ಆದ್ದರಿಂದ ಚೀಟಿಯ ಜೊತೆ ಡಬ್ಬಿಗೆ ಅಂಟಿಸುವ ಒಂದು ಸ್ಟಿಕ್ಕರ್ ಕೊಡಿ. ಅಗಲ 5 ಸೆಂಟಿಮೀಟರ್, ಎತ್ತರ ಎರಡೂವರೆ. ಅದರಲ್ಲಿ ‘ಶೇಂಗಾ ಚಟ್ನಿಪುಡಿ’ ಅಂತ ದಪ್ಪಗೆ, ‘ಕುಟ್ಟಿದ್ದು’ ಅಂತ ಬರೆದು ತಾರೀಕಿಗೆ ಜಾಗ, ಕೆಳಗೆ ಫೋನ್ ನಂಬರ್. ಇಷ್ಟೇ. ನಾಲ್ಕು ಡಬ್ಬಿಗಳಲ್ಲಿ ಯಾವುದರಲ್ಲಿ ಏನಿದೆ ಅಂತ ತಿಳಿಯಲು ಮನೆಯವರಿಗೇ ಸ್ಟಿಕ್ಕರ್ ಬೇಕಾಗಿರುತ್ತದೆ, ಹಾಗಾಗಿ ಅಂಟಿಸುತ್ತಾರೆ. ಬ್ರ್ಯಾಂಡಿನ ಹೆಸರನ್ನೇ ದೊಡ್ಡದಾಗಿ ಹಾಕಿದ ಸ್ಟಿಕ್ಕರನ್ನು ಯಾರೂ ತಮ್ಮ ಡಬ್ಬಿಗೆ ಅಂಟಿಸಿಕೊಳ್ಳುವುದಿಲ್ಲ.

ಸ್ಟಿಕ್ಕರಿನ ಗೋಂದು ಸುಲಭವಾಗಿ ಕಿತ್ತು ಬರುವಂಥದ್ದಾಗಿರಬೇಕು. ಮುದ್ರಣಾಲಯದಲ್ಲಿ ‘ರಿಮೂವಬಲ್’ ಅಂತಲೇ ಕೇಳಿ. ಒಮ್ಮೆ ಸ್ಟೀಲ್ ಡಬ್ಬಿಗೆ ಗೋಂದು ಕಚ್ಚಿಕೊಂಡು ತಿಕ್ಕಿ ತಿಕ್ಕಿ ಸಾಕಾದರೆ ಮುಂದಿನದನ್ನು ಅಂಟಿಸುವುದಿಲ್ಲ. ಕಾಗದದ ಸ್ಟಿಕ್ಕರ್ ಒದ್ದೆ ಕೈ ತಾಗಿ ಉಬ್ಬುತ್ತದೆ, ಪ್ಲಾಸ್ಟಿಕ್ ಹಾಳೆಯದ್ದಾದರೆ ಬಾಳುತ್ತದೆ. ಕೊರಿಯರ್ ವಿಳಾಸ ಮುದ್ರಿಸುವ ಥರ್ಮಲ್ ಪ್ರಿಂಟರ್ ಮನೆಯಲ್ಲಿದೆ, ಅದರಲ್ಲೇ ತೆಗೆಯೋಣ ಅನ್ನುವವರು ಇದ್ದಾರೆ. ಅದು ಬಿಸಿಯಿಂದ ಕಪ್ಪಾಗುವ ಕಾಗದ. ಒಲೆಯ ಹತ್ತಿರ ಇಟ್ಟರೆ ಇಡೀ ಹಾಳೆ ಕಪ್ಪಾಗುತ್ತದೆ, ಎಣ್ಣೆ ತಾಗಿದರೆ ಅಕ್ಷರ ಅಳಿಸಿಹೋಗುತ್ತದೆ. ಇದೇ ಕಾರಣಕ್ಕೆ ಚೀಟಿಗೂ ಥರ್ಮಲ್ ಬೇಡ. ಇಂಕ್‌ಜೆಟ್ಟೂ ಬೇಡ, ಮಳೆಗಾಲದಲ್ಲಿ ಪೆಟ್ಟಿಗೆಗೆ ತೇವ ತಗುಲಿದರೆ ಶಾಯಿ ಹರಡುತ್ತದೆ. ಲೇಸರ್ ಅಥವಾ ಡಿಜಿಟಲ್ ಪ್ರೆಸ್ ಮುದ್ರಣ ನಿಲ್ಲುತ್ತದೆ.

ಚೀಟಿಯ ಅಳತೆ ಎ6, ಅಂದರೆ 105 × 148 ಮಿಲಿಮೀಟರ್. ಸುತ್ತ 3 ಮಿಲಿಮೀಟರ್ ಕತ್ತರಿಸಲು ಬಿಟ್ಟರೂ 13 × 19 ಇಂಚಿನ ಒಂದು ಶೀಟಿನಲ್ಲಿ ಎಂಟು ಬರುತ್ತವೆ. ಎರಡೂ ಬದಿ ಮುದ್ರಿಸಿದ ಶೀಟಿಗೆ 25 ರೂಪಾಯಿ ಅಂತ ಇಟ್ಟುಕೊಂಡರೆ ಚೀಟಿಗೆ ಮೂರು ರೂಪಾಯಿ ಚಿಲ್ಲರೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾರ್ಡಾದರೆ ಒಂದರ ತೂಕ 5 ಗ್ರಾಂಗೆ ಸ್ವಲ್ಪ ಕಡಿಮೆ. ಲ್ಯಾಮಿನೇಷನ್ ಮಾಡಿಸಬೇಡಿ. ಅದರ ಮೇಲೆ ಪೆನ್ನು ಹಿಡಿಯುವುದಿಲ್ಲ, ಬರೆದದ್ದು ಬೆರಳಿಗೆ ಅಂಟುತ್ತದೆ. ಒಂದೇ ಬದಿಗೆ ಮಾಡಿಸಿದರೆ ಕಾರ್ಡು ಬಾಗುತ್ತದೆ. ಕೋಟಿಂಗ್ ಇಲ್ಲದ ಕಾರ್ಡ್, ಬಾಲ್ ಪೆನ್ನು, ಇವು ಸಾಕು.

ಕನ್ನಡ ಮುದ್ರಣದಲ್ಲಿ ಎಡವುವ ಜಾಗ ಬೇರೆಯೇ ಇದೆ. ನೀವು ವಾಟ್ಸಾಪ್‌ನಲ್ಲಿ ಕಳಿಸುವುದು ಯುನಿಕೋಡ್ ಅಕ್ಷರ. ಹಲವು ಮುದ್ರಣಾಲಯಗಳಲ್ಲಿ ಇನ್ನೂ ನುಡಿ ಮುಂತಾದವುಗಳ ಹಳೇ ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ, ಹಾಗಾಗಿ ಅವರು ಮತ್ತೆ ಟೈಪ್ ಮಾಡುತ್ತಾರೆ. ಆಗ ‘ಧನ್ಯವಾದ’ ಹೋಗಿ ‘ದನ್ಯವಾದ’ ಬರುತ್ತದೆ. ಯುನಿಕೋಡನ್ನೇ ಬಳಸಿದರೂ ತಂತ್ರಾಂಶದಲ್ಲಿ ಸರಿಯಾದ ಆಯ್ಕೆ ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಇನ್‌ಡಿಸೈನ್‌ನಲ್ಲಾದರೆ World-Ready ಅನ್ನುವ ಕಂಪೋಸರ್ ಆರಿಸಬೇಕು. ಪ್ರೂಫ್ ಬಂದಾಗ ಮೊದಲು ‘ಕುಟ್ಟೇವಿ’, ‘ಚಟ್ನಿಪುಡಿ’, ‘ಆರ್ಡರ್’ ಈ ಮೂರು ಪದ ನೋಡಿ. ಒತ್ತು, ಅರ್ಕಾವೊತ್ತು ಅವುಗಳಲ್ಲಿ ಸರಿ ಇದ್ದರೆ ಬೇರೆಡೆಯೂ ಬಹುತೇಕ ಸರಿ ಇರುತ್ತದೆ. ಅಕ್ಷರದ ಗಾತ್ರ 11 ಪಾಯಿಂಟಿಗೆ ಕಡಿಮೆ ಬೇಡ, ಸಾಲಿನಿಂದ ಸಾಲಿಗೆ 16 ಪಾಯಿಂಟ್ ಇರಲಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪ್ರೂಫನ್ನು ಫೋನಿನ ಪರದೆಯಲ್ಲಿ ಒಪ್ಪಬೇಡಿ, ಒಂದು ಪ್ರತಿ ಅದೇ ಅಳತೆಗೆ ತೆಗೆಸಿ, ಕೋಡನ್ನು ಎರಡು ಮೂರು ಫೋನುಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಚೀಟಿಯನ್ನು ಪುಡಿಯ ಪೌಚಿನೊಳಗೆ ಎಂದೂ ಹಾಕಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದು. ಪೌಚಿನ ಹೊರಗೆ ಇಟ್ಟರೂ ಶೇಂಗಾ ಎಣ್ಣೆ ಸೀಲಿನ ಬಳಿ ಜಿನುಗಿ ಕಾರ್ಡಿಗೆ ಹತ್ತುತ್ತದೆ. ಚೀಟಿ ಮತ್ತು ಸ್ಟಿಕ್ಕರ್ ಎರಡನ್ನೂ ಬಟರ್ ಪೇಪರಿನ ಸಣ್ಣ ಕವರಿನಲ್ಲಿ ಹಾಕಿ, ಪೆಟ್ಟಿಗೆಯ ಎಲ್ಲಕ್ಕಿಂತ ಮೇಲೆ, ಹೆಸರು ಬರೆದ ಬದಿ ಮೇಲಾಗಿ ಇಡಿ. ತಳದಲ್ಲಿಟ್ಟರೆ ಪೆಟ್ಟಿಗೆಯ ಜೊತೆ ಹೋಗುತ್ತದೆ.

ರಿಯಾಯಿತಿಯ ಮಾತು. ‘ಮುಂದಿನ ಆರ್ಡರಿಗೆ ಶೇಕಡಾ 10 ಕಡಿತ’ ಅಂತ ಬರೆಯುವುದು ರೂಢಿ. ಒಂದು ಲೆಕ್ಕ ಹಾಕೋಣ. ಪೌಚಿನ ಬೆಲೆ 140 ರೂಪಾಯಿ. ಸಾಮಾನು, ಕೂಲಿ, ಪೌಚು ಸೇರಿ ತಯಾರಿಕೆಗೆ 80. ಪೆಟ್ಟಿಗೆ, ಟೇಪು, ಚೀಟಿಗೆ 12. ಕೊರಿಯರ್ 60, ಅದನ್ನು ಗಿರಾಕಿಯೇ ಕೊಡುತ್ತಾರೆ. ನಿಮಗೆ ಉಳಿಯುವುದು 48. ಶೇಕಡಾ 10 ಬಿಟ್ಟರೆ 14 ಹೋಗಿ 34 ಉಳಿಯಿತು. ಗಿರಾಕಿಗೆ ಕಾಣುವುದು ಬರೀ 14 ರೂಪಾಯಿ, ನಿಮ್ಮ ಕೈಯಿಂದ ಹೋಗುವುದು ಲಾಭದ ಕಾಲು ಭಾಗಕ್ಕಿಂತ ಹೆಚ್ಚು.

ಅದರ ಬದಲು ‘ಎರಡು ಪೌಚು ಒಟ್ಟಿಗೆ ತರಿಸಿದರೆ ಕೊರಿಯರ್ ಅರ್ಧ ನಮ್ಮದು’ ಅನ್ನಿ. ಗಿರಾಕಿ ಕೊಡುವುದು 280 ಮತ್ತು 30, ಒಟ್ಟು 310. ಶೇಕಡಾ 10 ಕಡಿತದಲ್ಲಿ ಎರಡು ಸಲ ಬೇರೆ ಬೇರೆ ತರಿಸಿದ್ದರೆ 372 ಆಗುತ್ತಿತ್ತು. ಅವರಿಗೆ 62 ಉಳಿಯಿತು. ನಿಮಗೆ 280ರಲ್ಲಿ 160, 12 ಮತ್ತು 30 ಕಳೆದು 78 ಉಳಿಯುತ್ತದೆ. ಎರಡು ಕಡಿತದ ಆರ್ಡರಿನಿಂದ 68 ಮಾತ್ರ ಬರುತ್ತಿತ್ತು, ಅದೂ ಎರಡು ಸಲ ಪ್ಯಾಕ್ ಮಾಡಿ. ಇಬ್ಬರಿಗೂ ಲಾಭವಾದದ್ದು ಹೇಗೆ? ಒಂದು ಕೊರಿಯರ್, ಒಂದು ಪ್ಯಾಕಿಂಗ್ ಖರ್ಚು ಉಳಿಯಿತು, ಅದನ್ನೇ ಹಂಚಿಕೊಂಡದ್ದು.

ಈ ಲೆಕ್ಕ ನಿಲ್ಲುವುದು ತೂಕದ ಮೇಲೆ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕಿಲೋಗೊಂದು ದರ ಹಾಕುತ್ತಾರೆ. 200 ಗ್ರಾಂನ ಎರಡು ಪೌಚು, ಖಾಲಿ ಪೌಚುಗಳ ತೂಕ 16, ಪೆಟ್ಟಿಗೆ 55, ಚೀಟಿ 5, ಎಲ್ಲ ಸೇರಿ 476 ಗ್ರಾಂ. ಅರ್ಧ ಕಿಲೋದೊಳಗೇ ಆಯಿತು. ನಿಮ್ಮ ಪೌಚು 250 ಗ್ರಾಂನದ್ದಾಗಿದ್ದರೆ ಎರಡು ಸೇರುತ್ತಲೇ ಗಡಿ ಮುಟ್ಟುತ್ತದೆ, ಪೆಟ್ಟಿಗೆ ಸೇರಿದರೆ ಮುಂದಿನ ದರ. ಆಗ ಮೇಲಿನ ಲೆಕ್ಕ ಪೂರ್ತಿ ಬುಡಮೇಲು. ಈ ಮಾತನ್ನು ಚೀಟಿಯಲ್ಲಿ ಮುದ್ರಿಸುವ ಮೊದಲು ಪ್ಯಾಕ್ ಮಾಡಿದ ಪೆಟ್ಟಿಗೆಯನ್ನೇ ತೂಗಿ ನೋಡಿ.

ಇಬ್ಬರೇ ಇರುವ ಮನೆಗೆ ಎರಡು ಶೇಂಗಾ ಪೌಚು ಹೆಚ್ಚಾಗುತ್ತದೆ. 400 ಗ್ರಾಂ ಮುಗಿಯಲು ಎಂಬತ್ತು ದಿನ ಬೇಕು, ಅಷ್ಟರಲ್ಲಿ ಎಣ್ಣೆ ಕಮಟಬಹುದು. ಅವರಿಗೆ ಒಂದು ಶೇಂಗಾ, ಒಂದು ಗುರೆಳ್ಳು ಅಂತ ಕೊಟ್ಟರೂ ಒಟ್ಟು ಖರ್ಚು ಅಷ್ಟೇ ನಿಧಾನವಾಗಿದ್ದರೆ ತೊಂದರೆ ತಪ್ಪುವುದಿಲ್ಲ. ಅಂಥವರಿಗೆ 100 ಗ್ರಾಂ ಪೌಚುಗಳೇ ಸರಿ.

ಅಮೆಜಾನ್‌ನಂಥ ಮಾರುಕಟ್ಟೆಯ ಮೂಲಕ ಮಾರುವವರು ಮೇಲಿನ ಚೀಟಿಯನ್ನು ಹಾಗೇ ಬಳಸುವಂತಿಲ್ಲ. ಗಿರಾಕಿಯನ್ನು ತಮ್ಮ ತಾಣದಿಂದ ಹೊರಗೆ ಕರೆಯುವುದನ್ನು, ಉಡುಗೊರೆ ಅಥವಾ ಕಡಿತಕ್ಕೆ ಬದಲಾಗಿ ವಿಮರ್ಶೆ ಕೇಳುವುದನ್ನು, ಒಳ್ಳೆಯ ವಿಮರ್ಶೆಯನ್ನೇ ಬರೆಯಿರಿ ಅನ್ನುವುದನ್ನು ಅಮೆಜಾನ್ ನಿಷೇಧಿಸಿದೆ; ಮಾರಾಟದ ಖಾತೆ ಹೋಗಬಹುದು. ಆ ಪಾರ್ಸೆಲ್‌ಗಳಿಗೆ ವಾಟ್ಸಾಪ್ ಕೋಡ್, ರಿಯಾಯಿತಿ ಎರಡೂ ಇಲ್ಲದ, ಬಳಸುವ ವಿಧಾನ ಮಾತ್ರ ಇರುವ ಬೇರೆ ಚೀಟಿ ಮುದ್ರಿಸಿ. ಎರಡರ ಬಣ್ಣ ಬೇರೆ ಇರಲಿ, ಅವಸರದಲ್ಲಿ ಅದಲುಬದಲಾಗದಂತೆ.

ಆರೋಗ್ಯದ ಮಾತನ್ನು ಚೀಟಿಯಲ್ಲಿ ಬರೆಯಲೇಬೇಡಿ. ‘ಅಗಸಿ ಚಟ್ನಿಪುಡಿ ಕೊಲೆಸ್ಟ್ರಾಲ್ ಕರಗಿಸುತ್ತದೆ’ ಅಂತ ಬರೆದ ಚೀಟಿ ಜಾಹೀರಾತೇ ಆಗುತ್ತದೆ, ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬಂದ ಎಫ್‌ಎಸ್‌ಎಸ್‌ಎಐ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ.

ಚೀಟಿ ಕೆಲಸ ಮಾಡುತ್ತಿದೆಯೇ ಅಂತ ನೋಡುವುದು ಹೇಗೆ? ಬರೀ ಧನ್ಯವಾದದ ಹಳೇ ಚೀಟಿಯನ್ನು R1, ಡಬ್ಬಿಯ ಮಟ್ಟ ಬರೆದು ಸ್ಟಿಕ್ಕರ್ ಸೇರಿಸಿದ ಹೊಸದನ್ನು R2 ಅನ್ನಿ. ಬೆಸ ಸಂಖ್ಯೆಯ ಆರ್ಡರಿಗೆ ಒಂದು, ಸಮ ಸಂಖ್ಯೆಯದಕ್ಕೆ ಇನ್ನೊಂದು ಹಾಕಿ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಅಂತ ಮಾಡಬೇಡಿ, ನಡುವೆ ಹಬ್ಬ ಬಂದರೆ ಹೋಲಿಕೆ ಕೆಡುತ್ತದೆ. ಕೋಡ್ ಬಳಸದೆ ನೇರವಾಗಿ ಫೋನ್ ಮಾಡುವವರೂ ಇರುತ್ತಾರೆ, ಆದ್ದರಿಂದ ಯಾರಿಗೆ ಯಾವುದು ಹೋಯಿತು ಅಂತ ಆರ್ಡರ್ ಪುಸ್ತಕದಲ್ಲೂ ಗುರುತು ಹಾಕಿ. ಪುಡಿ ಮುಗಿಯಲು 20 ದಿನ, ಅದರ ಮೇಲೆ ಇನ್ನಷ್ಟು ದಿನ ಕಾಯಬೇಕು. ಕೊನೆಯ ಪಾರ್ಸೆಲ್ ಮುಟ್ಟಿ 45 ದಿನ ಕಳೆಯುವವರೆಗೆ ಎಣಿಸಬೇಡಿ. ನೂರು ನೂರು ಪಾರ್ಸೆಲ್ ಕಳಿಸಿ ಒಂದರಿಂದ 14, ಇನ್ನೊಂದರಿಂದ 18 ಮರು ಆರ್ಡರ್ ಬಂದರೆ ಆ ನಾಲ್ಕರ ವ್ಯತ್ಯಾಸ ತಾನಾಗಿ ಬಂದಿರಬಹುದು, ಅದನ್ನು ನಂಬಿ ಚೀಟಿ ಬದಲಿಸಬೇಡಿ. 14 ಮತ್ತು 28 ಬಂದರೆ ನಂಬಬಹುದು.

ಎರಡು ಬಗೆಯ ಪಾರ್ಸೆಲ್‌ಗಳನ್ನು ಈ ಎಣಿಕೆಯಿಂದ ಹೊರಗಿಡಿ. ಒಂದು, ಉಡುಗೊರೆಯಾಗಿ ಇನ್ನೊಬ್ಬರ ವಿಳಾಸಕ್ಕೆ ಹೋದದ್ದು. ಅದರಲ್ಲಿ ಹೆಸರು ಉಡುಗೊರೆ ಪಡೆಯುವವರದ್ದಾಗಿರಬೇಕು, ಕಳಿಸಿದವರ ಹೆಸರನ್ನೂ ಸೇರಿಸಬೇಕು, ಬೆಲೆಯಾಗಲಿ ರಿಯಾಯಿತಿಯಾಗಲಿ ಎಲ್ಲೂ ಕಾಣಬಾರದು. ಇನ್ನೊಂದು, ವಿಳಾಸ ಸಿಗದೆ ವಾಪಸ್ ಬಂದದ್ದು. ಅದನ್ನು ಮತ್ತೆ ಕಳಿಸುವುದಾದರೆ ಹೊಸ ಪುಡಿ ತುಂಬಿ, ಹಳೇ ಚೀಟಿ ತೆಗೆದು ಹೊಸ ತಾರೀಕು ಬರೆದ ಚೀಟಿಯನ್ನೇ ಇಡಿ.